ಗೋಡೆ ಉಬ್ಬಿದೆ ಎಂಬ ದೂರಿಗೆ ಎರಡು ಉತ್ತರ

ನಮಸ್ಕಾರ. ಈಗ ತೆರೆಯ ಮೇಲಿರುವ ಗೋಡೆಯನ್ನು ಗಮನಿಸಿ. ನೆಲದಿಂದ ಸುಮಾರು ಎರಡು ಅಡಿಯವರೆಗೆ ಬಣ್ಣ ಗುಳ್ಳೆಗಳಾಗಿ ಎದ್ದಿದೆ, ಅಲ್ಲಲ್ಲಿ ಸಿಪ್ಪೆಯಾಗಿ ಉದುರಿ ಒಳಗಿನ ಬಿಳಿ ಪುಡಿ ಕಾಣುತ್ತಿದೆ. ನಮ್ಮ ಪೇಂಟಿಂಗ್ ತಂಡ ಬೇಸಿಗೆಯಲ್ಲಿ ಬಣ್ಣ ಹೊಡೆದ ಮಲಗುವ ಕೋಣೆ ಇದು. ಮಳೆಗಾಲದಲ್ಲಿ ಮನೆಯವರು ಈ ಚಿತ್ರದೊಂದಿಗೆ ಹೀಗೆ ಬರೆದರು: ‘ಒಂದು ವರ್ಷವೂ ಬಾಳಲಿಲ್ಲ. ಅಗ್ಗದ ಬಣ್ಣ ಬಳಿದು ಹೋಗಿದ್ದೀರಿ. ಹಣ ಹಿಂದಿರುಗಿಸಿ.’

ತಂಡದ ಪತ್ರವ್ಯವಹಾರ ನೋಡಿಕೊಳ್ಳುವವಳು ನಾನು. ಇಂಥ ದೂರಿಗೆ ನಾನು ಎರಡು ಉತ್ತರ ಬರೆಯುತ್ತೇನೆ. ಮೊದಲನೆಯದು ಅದೇ ದಿನ ಹೋಗಬೇಕು, ಅದರಲ್ಲಿ ಕಾರಣದ ಮಾತೇ ಇರಬಾರದು. ಗೋಡೆಯನ್ನು ನೋಡುವ ಮೊದಲು ಹೇಳುವ ಯಾವ ಕಾರಣವೂ ಊಹೆಯಷ್ಟೇ, ಓದುವವರಿಗೆ ಅದು ನುಣುಚಿಕೊಳ್ಳುವ ಮಾತಾಗಿಯೇ ಕೇಳಿಸುತ್ತದೆ.

ಅಂದು ಕಳುಹಿಸಿದ್ದು ಇಷ್ಟು: ‘ಮೇಡಂ, ಮಲಗುವ ಕೋಣೆಯ ಗೋಡೆ ಕೆಳಭಾಗದಲ್ಲಿ ಉಬ್ಬಿ ಬಣ್ಣ ಉದುರುತ್ತಿರುವುದನ್ನು ಚಿತ್ರದಲ್ಲಿ ನೋಡಿದೆವು. ಹಣ ಕೊಟ್ಟು ಮಾಡಿಸಿದ ಕೆಲಸ ಇಷ್ಟು ಬೇಗ ಹೀಗಾದರೆ ಬೇಸರವಾಗುವುದು ಸಹಜ. ನಾಳೆ ಸಂಜೆ ಐದಕ್ಕೆ ನಮ್ಮ ಮೇಸ್ತ್ರಿ ಬಂದು ಪರೀಕ್ಷಿಸುತ್ತಾರೆ. ಮರುದಿನ ಬೆಳಿಗ್ಗೆ ಫಲಿತಾಂಶವನ್ನು ನೀವೂ ಜೊತೆಗಿದ್ದು ನೋಡಿ. ಅಲ್ಲಿಯವರೆಗೆ ಗೋಡೆಯನ್ನು ಕೆರೆಯಬೇಡಿ, ನೀರಿನಿಂದ ಒರೆಸಬೇಡಿ.’ ‘ತೊಂದರೆ ಆಗಿದ್ದರೆ ಕ್ಷಮಿಸಿ’ ಎಂದು ನಾನು ಎಂದೂ ಬರೆಯುವುದಿಲ್ಲ. ತೊಂದರೆ ಆಗಿರುವುದು ಕಣ್ಣೆದುರಿಗೇ ಇದೆ.

ಮರುದಿನ ಸಂಜೆ ಮೇಸ್ತ್ರಿ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ, ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಕೋಣೆಯ ಕಡೆಗಿನ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಅದು ಗಾಳಿಯ ತೇವ. ಇಲ್ಲಿ ಒಳಮೈಯೇ ಒದ್ದೆಯಾಗಿತ್ತು. ಬಿಳಿ ಪುಡಿಯ ಮೇಲೆ ನೀರು ಹಾಕಿದಾಗ ಅದು ಕರಗಿತು. ಬೂಷ್ಟಾಗಿದ್ದರೆ ಕರಗುತ್ತಿರಲಿಲ್ಲ, ಇದು ಇಟ್ಟಿಗೆ, ಸಿಮೆಂಟಿನಿಂದ ನೀರು ಹೊತ್ತು ತಂದ ಉಪ್ಪು.

ಮಳೆ ನೀರು ಎಂದು ನಮ್ಮ ಹುಡುಗರ ಊಹೆ. ಆದರೆ ಅದು ಹೊರಗೋಡೆಯಲ್ಲ, ಅದರ ಆಚೆ ಇರುವುದು ಸ್ನಾನದ ಮನೆ. ಎಲ್ಲ ನಲ್ಲಿಗಳನ್ನೂ ಮುಚ್ಚಿ ನೋಡಿದರೆ ನೀರಿನ ಮೀಟರ್ ಅಲುಗಲಿಲ್ಲ. ಹಾಗಾಗಿ ಗೋಡೆಯೊಳಗಿನ ಪೈಪ್ ಸೋರಿಕೆಯ ಸಾಧ್ಯತೆ ಕಡಿಮೆಯಾಯಿತು. ಸ್ನಾನದ ಮನೆಯ ನೆಲ ಗೋಡೆಗೆ ಕೂಡುವ ಅಂಚಿನಲ್ಲಿ ಟೈಲ್ಸ್ ಸಂದಿಯ ಗಾರೆ ಉದುರಿಹೋಗಿತ್ತು. ಸ್ನಾನ ಮಾಡಿದಾಗಲೆಲ್ಲ ನೀರು ಅಲ್ಲಿಂದಲೇ ಇಳಿಯುತ್ತಿತ್ತು.

ಎರಡನೆಯ ಉತ್ತರ ಕಷ್ಟದ್ದು. ‘ನಿಮ್ಮ ಸ್ನಾನದ ಮನೆ ಸೋರುತ್ತಿದೆ, ನಮ್ಮ ತಪ್ಪಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. ಮಾತು ನಿಜವೇ ಆದರೂ ಅವರ ಗೋಡೆ ಹಾಗೇ ಉಳಿಯುತ್ತದೆ, ದೂರೂ ಉಳಿಯುತ್ತದೆ. ಅದಕ್ಕೇ ಕಾರಣವನ್ನು ಅವರೇ ಕಂಡಿದ್ದರ ಮೇಲೆ ನಿಲ್ಲಿಸಿದೆ: ‘ಇಂದು ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿಗಳಿದ್ದುದನ್ನು ನೀವು ನೋಡಿದಿರಿ. ಸ್ನಾನದ ಮನೆಯ ನೀರು ಟೈಲ್ಸ್ ಸಂದಿಯಿಂದ ಗೋಡೆಗೆ ಇಳಿಯುತ್ತಿದೆ. ಆ ತೇವ ಹೊರಬರುವಾಗ ಉಪ್ಪು ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಯಾವ ದರ್ಜೆಯ ಬಣ್ಣ ಬಳಿದರೂ ಈಗ ಅಲ್ಲಿ ನಿಲ್ಲುವುದಿಲ್ಲ.’

ಹಾಳೆಯೊಳಗೆ ಹನಿಗಳಿಲ್ಲದೆ ಬಣ್ಣ ಮಾತ್ರ ಎದ್ದಿದ್ದರೆ ಪತ್ರವೇ ಬೇರೆಯಾಗುತ್ತಿತ್ತು. ಧೂಳಿನ ಮೇಲೆ ಪುಟ್ಟಿ ಹಚ್ಚಿದರೂ ಹೀಗೆ ಏಳುತ್ತದೆ. ಆಗ ಪೂರ್ತಿ ಖರ್ಚು ನಮ್ಮದೇ.

ಮುಂದಿನ ಹೆಜ್ಜೆಗಳನ್ನು ಬರೆಯುವಾಗ ಪ್ರತಿ ಕೆಲಸದ ಪಕ್ಕದಲ್ಲಿ ಯಾರು ಮಾಡುತ್ತಾರೆ, ಖರ್ಚು ಯಾರದು ಎಂದು ಹೇಳಲೇಬೇಕು. ಸಂದಿಯನ್ನು ಕೆರೆದು ಹೊಸದಾಗಿ ತುಂಬಿಸುವುದು ಮನೆಯವರ ಖರ್ಚು; ಪ್ಲಂಬರ್ ಯಾರಾದರೂ ಆಗಬಹುದು. ಆಮೇಲೆ ಸಡಿಲ ಬಣ್ಣ, ಪುಟ್ಟಿಯನ್ನು ಕೆರೆದು, ಉಪ್ಪನ್ನು ಒಣ ಬ್ರಷ್‌ನಿಂದ ತೆಗೆಯುವುದು ನಮ್ಮ ಕೆಲಸ. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಹೋಗುತ್ತದೆ. ನಂತರ ಗೋಡೆಯನ್ನು ತೆರೆದೇ ಬಿಟ್ಟು ಒಣಗಿಸಬೇಕು. ಹಣ ಹಿಂದಿರುಗಿಸುವ ಬೇಡಿಕೆಗೂ ನೇರವಾಗಿಯೇ ಉತ್ತರಿಸಿದೆ: ‘ಹಣ ಹಿಂದಿರುಗಿಸಲು ಆಗುವುದಿಲ್ಲ. ಈ ಗೋಡೆಯ ಕೂಲಿಯನ್ನು ನಾವೇ ಭರಿಸುತ್ತೇವೆ, ಪ್ರೈಮರ್, ಪುಟ್ಟಿ, ಬಣ್ಣದ ಬೆಲೆ ನಿಮ್ಮದು.’

ಬಣ್ಣ ಹೊಡೆಯುವ ದಿನಾಂಕವನ್ನು ಮಾತ್ರ ಕೊಡಲಿಲ್ಲ. ಮಳೆಗಾಲದಲ್ಲಿ ಗೋಡೆ ಒಣಗಲು ಎಷ್ಟು ವಾರ ಬೇಕೆಂದು ಮೊದಲೇ ಹೇಳಿದರೆ ಅದು ಸುಳ್ಳು ಭರವಸೆ. ಬದಲಿಗೆ ಹೀಗೆ ಬರೆದೆ: ‘ಸಂದಿ ತುಂಬಿಸಿದ ಮೂರು ವಾರಕ್ಕೆ ಬಂದು ಮತ್ತೆ ಹಾಳೆ ಅಂಟಿಸುತ್ತೇವೆ. ಬೆಳಿಗ್ಗೆ ಒಣಗಿದ್ದರೆ ಅದೇ ವಾರ ಕೆಲಸ ಶುರು. ತೇವವಿದ್ದರೆ ಮತ್ತೆ ಎರಡು ವಾರ ಬಿಟ್ಟು ಪರೀಕ್ಷೆ.’

ಅವರ ಮರು ಸಂದೇಶದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘ಅಲ್ಲಿಯವರೆಗೆ ಮಂಚವನ್ನು ಗೋಡೆಗೆ ತಾಗಿಸಿ ಇಡಬಹುದೇ?’ ಬೇಡ, ಗಾಳಿಯಾಡಲು ಒಂದಡಿ ಬಿಡಿ ಎಂದು ತಿಳಿಸಿದೆ.