ಬಿಲ್ಲಿನ ಅಚ್ಚು ಒಂದೇ ಥರ ಇರಲಿ

ನಮಸ್ಕಾರ. ಮುಂಬೈಯಲ್ಲಿ ಅಂಗಡಿ ನಡೆಸುವ ನಮ್ಮ ಕನ್ನಡದ ಅಣ್ಣಂದಿರಿಗೆ, ಅಕ್ಕಂದಿರಿಗೆ ಇವತ್ತು ಬಿಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಲೆಕ್ಕ ಬರೆಯುವುದು ನನ್ನ ಕೆಲಸ. ನೀವು ಕೊಟ್ಟ ಬಿಲ್ಲನ್ನು ಈಗ ನಾವು ಕೂತು ಟೈಪ್ ಮಾಡುವುದು ಕಡಿಮೆ. ಫೋಟೋ ತೆಗೆದರೆ ಸಾಫ್ಟ್‌ವೇರ್ ಓದಿಕೊಳ್ಳುತ್ತದೆ. ಅದು ಎಡವುವುದು ಹೆಚ್ಚಾಗಿ ಎರಡು ಕಡೆ: ಒಟ್ಟು ಮೊತ್ತ ಮತ್ತು ಬಿಲ್ ನಂಬರ್.

ಒಂದು ಉದಾಹರಣೆ ತಗೊಳ್ಳೋಣ. ವಾಶಿಯ ಹೋಲ್‌ಸೇಲ್ ಅಂಗಡಿಯೊಂದು ಡೊಂಬಿವಲಿಯ ಕಿರಾಣಿಗೆ ಸಕ್ಕರೆ, ಎಣ್ಣೆ ಕಳಿಸಿತು ಅಂದುಕೊಳ್ಳಿ. ಸರಕಿನ ಬೆಲೆ 10,000. ಸಿಜಿಎಸ್‌ಟಿ 250, ಎಸ್‌ಜಿಎಸ್‌ಟಿ 250. ಒಟ್ಟು 10,500. ಇಲ್ಲಿಗೆ ಮುಗಿದಿದ್ದರೆ ತೊಂದರೆ ಇರಲಿಲ್ಲ. ಆದರೆ ಅದರ ಕೆಳಗೆ ಹಿಂದಿನ ಬಾಕಿ 3,200 ಅಂತ ಬರೆದು, ಇನ್ನೂ ಕೆಳಗೆ ದಪ್ಪ ಅಕ್ಷರದಲ್ಲಿ ‘ಗ್ರ್ಯಾಂಡ್ ಟೋಟಲ್ 13,700’ ಅಂತ ಹಾಕಿದ್ದಾರೆ. ಗಿರಾಕಿಗೆ ಇದು ಅರ್ಥವಾಗುತ್ತದೆ. ಸಾಫ್ಟ್‌ವೇರ್ ಏನು ಮಾಡುತ್ತದೆ? ‘ಟೋಟಲ್’ ಅನ್ನೋ ಪದ ಹುಡುಕುತ್ತದೆ, ಪಕ್ಕದ ಅಂಕಿ ತೆಗೆದುಕೊಳ್ಳುತ್ತದೆ. ಎರಡು ಕಡೆ ಟೋಟಲ್ ಇದ್ದರೆ ಎಷ್ಟೋ ಸಲ ಕೆಳಗಿನ, ದೊಡ್ಡ ಅಂಕಿಯನ್ನೇ ಹಿಡಿಯುತ್ತದೆ. ಖರೀದಿ 13,700 ಅಂತ ಪುಸ್ತಕಕ್ಕೆ ಹೋಗುತ್ತದೆ.

ಒಳ್ಳೆಯ ಸಾಫ್ಟ್‌ವೇರ್ ಇದ್ದರೆ ಬೆಲೆ ಮತ್ತು ತೆರಿಗೆ ಕೂಡಿಸಿ ನೋಡುತ್ತದೆ. 10,500 ಬರಬೇಕಾದಲ್ಲಿ 13,700 ಇದೆ ಅಂತ ಬಿಲ್ಲನ್ನು ಪಕ್ಕಕ್ಕಿಡುತ್ತದೆ. ಆಗ ಮನುಷ್ಯನೇ ತೆರೆದು ನೋಡಬೇಕು. ಬಾಕಿ ಇದ್ದ ಬಿಲ್ಲಿನಲ್ಲಿ ಒಂದು ಅಚ್ಚು, ಬಾಕಿ ಇಲ್ಲದ ಬಿಲ್ಲಿನಲ್ಲಿ ಇನ್ನೊಂದು ಅಂತಾದರೆ ಪ್ರತಿ ತಿಂಗಳೂ ಇದೇ ಕತೆ.

ಹಾಗಾಗಿ ನನ್ನ ಮಾತು ಇಷ್ಟು. ‘ಒಟ್ಟು’ ಅನ್ನೋ ಹೆಸರು ಬಿಲ್ಲಿನಲ್ಲಿ ಒಂದೇ ಕಡೆ ಇರಲಿ. ಬಾಕಿಯನ್ನು ಬೇರೆ ಚೌಕದಲ್ಲಿ, ‘ಬಾಕಿ’ ಅನ್ನೋ ಹೆಸರಿನಲ್ಲೇ ಹಾಕಿ. ಡಿಸ್ಕೌಂಟ್ ಕೊಡದ ದಿನವೂ ಆ ಸಾಲು ತೆಗೆಯಬೇಡಿ, 0 ಅಂತ ಬಿಡಿ. ಸಾಲು ಮಾಯವಾದರೆ ಕೆಳಗಿನದೆಲ್ಲ ಮೇಲೆ ಸರಿಯುತ್ತದೆ. ನೋಡುವ ಜಾಗವನ್ನು ಗುರುತಿಟ್ಟುಕೊಂಡು ಓದುವ ಸಾಫ್ಟ್‌ವೇರ್ ಅಲ್ಲೇ ತಪ್ಪುತ್ತದೆ. ಎ4 ಕಾಗದವಾದರೆ ತೆರಿಗೆಯ ಚೌಕ ಪುಟದ ತಳದಲ್ಲೇ ಇರಲಿ, ಮೂರು ಐಟಂ ಇರಲಿ, ಇಪ್ಪತ್ತಿರಲಿ. ಉದ್ದ ರೋಲಿನ ಬಿಲ್ಲಿನಲ್ಲಿ ಇದು ಆಗದು. ಅಲ್ಲಿ ಸಾಲುಗಳ ಕ್ರಮ ಮತ್ತು ಹೆಸರು ಬದಲಾಗದಿದ್ದರೆ ಸಾಕು.

ಇನ್ನು ನಂಬರ್. ಜಿಎಸ್‌ಟಿ ನಂಬರಿನ ಚಿಂತೆ ಕಡಿಮೆ. ಅದಕ್ಕೆ 15 ಅಕ್ಷರದ ಗಟ್ಟಿ ರೂಪ ಇದೆ. ನಮ್ಮ ಮಹಾರಾಷ್ಟ್ರದ್ದಾದರೆ 27ರಿಂದ ಶುರು, ಆಮೇಲೆ ಪ್ಯಾನ್‌ನ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಅಂಕಿ ಬರಬೇಕಾದಲ್ಲಿ ‘ಓ’ ಅಂತ ಓದಿದರೆ ಅದು ಸೊನ್ನೆ ಅಂತ ತಿದ್ದಿಕೊಳ್ಳಬಹುದು. ಕೊನೆಯ ಅಕ್ಷರ ಇಡೀ ನಂಬರನ್ನು ತಾಳೆ ನೋಡುವುದಕ್ಕೇ ಇದೆ.

ಬಿಲ್ ನಂಬರಿಗೆ ಇಂಥ ಕಾವಲಿಲ್ಲ. ನಿಯಮ ಕೇಳುವುದು 16 ಅಕ್ಷರ ಮೀರದೆ, ಒಂದರ ಹಿಂದೆ ಒಂದು ಸಾಲಾಗಿ, ಆ ಹಣಕಾಸು ವರ್ಷದಲ್ಲಿ ಮತ್ತೆ ಬಾರದಂತೆ ಇರಬೇಕು ಅಂತ. ಅಚ್ಚು ಹೇಗಿರಬೇಕು ಅನ್ನೋದು ನಿಮ್ಮ ಕೈಯಲ್ಲಿದೆ. ಇವತ್ತು A/147, ನಾಳೆ ಮಗ ಕೂತಾಗ A-148, ಹಬ್ಬದ ರಶ್‌ನಲ್ಲಿ ಬರೀ 149. ನೀವು ನಿಮ್ಮ ಜಿಎಸ್‌ಟಿಆರ್-1ರಲ್ಲಿ ಒಂದು ಥರ ತುಂಬುತ್ತೀರಿ, ಕೊಂಡವರ ಸಾಫ್ಟ್‌ವೇರ್ ಕಾಗದದಿಂದ ಇನ್ನೊಂದು ಥರ ಓದುತ್ತದೆ. ಅವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬಿಲ್ ಇದ್ದರೂ ಜೋಡಿ ಸಿಗುವುದಿಲ್ಲ. ಆ ಉದಾಹರಣೆಯಲ್ಲಿ 500 ರೂಪಾಯಿಯ ಇನ್‌ಪುಟ್ ಕ್ರೆಡಿಟ್, ಯಾರಾದರೂ ಕೂತು ಹುಡುಕುವ ತನಕ ಹಾಗೇ ನಿಂತಿರುತ್ತದೆ. ಫೋನ್ ಬರುವುದು ನಿಮಗೇ ಅಲ್ವಾ?

A-0147, A-0148 ಹೀಗೆ ಯಾವಾಗಲೂ ನಾಲ್ಕು ಅಂಕಿ, ಯಾವಾಗಲೂ ಒಂದೇ ಗೆರೆ ಇರಲಿ. ಆಗ A-O147 ಅಂತ ಓದಿದರೂ ಅಲ್ಲಿ ಅಂಕಿಯೇ ಇರಬೇಕು ಅಂತ ಹಿಡಿಯಬಹುದು. ಸೀರೀಸ್‌ಗೆ O, I, S, B ಬೇಡ, ಅವು 0, 1, 5, 8ರ ಹಾಗೆ ಕಾಣುತ್ತವೆ. ಎರಡು ಕೌಂಟರ್ ಇದ್ದರೆ ಎರಡು ಸೀರೀಸ್ ಇಡಬಹುದು, ನಿಯಮ ಒಪ್ಪುತ್ತದೆ. ಅಚ್ಚು ಮಾತ್ರ ಎರಡಕ್ಕೂ ಒಂದೇ.

ವರ್ಷದ ವಹಿವಾಟು 5 ಕೋಟಿ ದಾಟಿದವರು ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ ಇ-ಇನ್‌ವಾಯ್ಸ್ ಆಗಬೇಕು, ಅದರ ಕ್ಯೂಆರ್ ಕೋಡ್‌ನಲ್ಲಿ ಮುಖ್ಯ ವಿವರ ಬರುತ್ತದೆ. ಸಣ್ಣ ಅಂಗಡಿಗೆ ಆ ಸೌಕರ್ಯ ಇಲ್ಲ, ಕಾಗದವೇ ಮಾತಾಡಬೇಕು. ಮಾಸಿದ ಥರ್ಮಲ್ ಬಿಲ್ಲನ್ನು ಯಾವ ಅಚ್ಚೂ ಉಳಿಸುವುದಿಲ್ಲ ಅನ್ನುವುದೂ ನಿಜ. ಅದನ್ನು ಪಡೆದ ದಿನವೇ ಫೋಟೋ ತೆಗೆಯಿರಿ.

ಹೋದ ತಿಂಗಳ ಐದಾರು ಬಿಲ್ಲುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ನಂಬರ್, ತಾರೀಖು, ಒಟ್ಟು ಒಂದೇ ಜಾಗದಲ್ಲಿ ಕೂರುತ್ತವಾ ನೋಡಿ. ಸಾಲು, ಚೌಕ ಇವತ್ತೇ ಸರಿಮಾಡಬಹುದು. ನಂಬರಿನ ಅಚ್ಚನ್ನು ಮಾತ್ರ ವರ್ಷದ ಮಧ್ಯೆ ಸುಮ್ನೆ ಬದಲಿಸಬೇಡಿ, ಏಪ್ರಿಲ್ 1ಕ್ಕೆ ಹೊಸ ಸೀರೀಸ್ ಶುರುಮಾಡುವಾಗ ಬದಲಿಸಿ.