ಪದಕ್ಕೆ ಎರಡೂವರೆ ರೂಪಾಯಿ

ಕೇಳುಗರಿಗೆ ನಮಸ್ಕಾರ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಬದುಕುವವಳು. ಒಬ್ಬಳೇ ಮಾಡುತ್ತಿದ್ದ ಕೆಲಸವನ್ನು ಮೊದಲ ಸಲ ಬೇರೆಯವರಿಗೆ ಹಂಚಿದಾಗ ಕೈಗೆ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ವಿಮಾ ಕಂಪನಿಯೊಂದರ ಕಾಗದಪತ್ರ ಬಂದಿತ್ತು. 20,000 ಪದ, ಒಂದು ವಾರದ ಗಡುವು, ಪದಕ್ಕೆ ಎರಡೂವರೆ ರೂಪಾಯಿ. ಗಂಟೆಗೆ 250 ಪದ ಅನುವಾದಿಸುವ ನನ್ನೊಬ್ಬಳಿಂದ ಅದು ಆಗುವಂತಿರಲಿಲ್ಲ. ಇಬ್ಬರಿಗೆ ಸಮನಾಗಿ ಹಂಚಿ, ಪದಕ್ಕೆ ಒಂದೂವರೆ ರೂಪಾಯಿ ಮಾತಾಡಿದೆ. ಬರುವುದು 50,000, ಅವರಿಗೆ 30,000, ನನಗೆ ಕೂತಲ್ಲೇ 20,000 ಎಂದು ಹಿಗ್ಗಿದೆ.

ಮೊದಲನೆಯವರ ಕಡತವನ್ನು ಹತ್ತು ಗಂಟೆಯಲ್ಲಿ ಓದಿ ತಿದ್ದಿದೆ. ಎರಡನೆಯದರಲ್ಲಿ ‘ಪಾಲಿಸಿ’ ಎಂಬುದು ‘ನೀತಿ’ಯಾಗಿತ್ತು, ಪಾಲಿಸಿದಾರರು ‘ನೀತಿದಾರ’ರಾಗಿದ್ದರು. ಅದನ್ನಾದರೂ ನಕ್ಕು ತಿದ್ದಬಹುದು. ಆದರೆ 30 ದಿನಗಳ ಒಳಗೆ ಅರ್ಜಿ ಕೊಡಬೇಕೆಂಬಲ್ಲಿ ‘30 ದಿನಗಳ ನಂತರ’ ಎಂದಿತ್ತು. ಕನ್ನಡದ ವಾಕ್ಯ ಸೊಗಸಾಗಿಯೇ ಇತ್ತು, ಮೂಲದೊಡನೆ ಇಟ್ಟು ನೋಡದಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಸಾಲು ಸಾಲನ್ನೂ ಹೋಲಿಸಿ ಓದಬೇಕಾಯಿತು. ಅದಕ್ಕೆ ಹಿಡಿದದ್ದು 25 ಗಂಟೆ.

ಒಟ್ಟು 35 ಗಂಟೆ. ಅಷ್ಟು ಹೊತ್ತು ನಾನೇ ಬೇರೆ ಅನುವಾದ ಮಾಡಿದ್ದರೆ, ಗಂಟೆಗೆ 625 ರೂಪಾಯಿಯಂತೆ 21,875 ಸಿಗುತ್ತಿತ್ತು. ಅಂದರೆ ನಾನು ಹಿಗ್ಗಿದ ಲಾಭ ನಿಜಕ್ಕೂ 1,875 ರೂಪಾಯಿ ನಷ್ಟ.

ಈಗ ನಾನು ಇಡೀ ಕಡತ ಮುಗಿಯುವವರೆಗೆ ಕಾಯುವುದಿಲ್ಲ. ಮೊದಲ 500 ಪದವನ್ನು ಆ ದಿನವೇ ತರಿಸಿಕೊಂಡು ನೋಡುತ್ತೇನೆ. ‘ನೀತಿ’ ಅಲ್ಲೇ ಸಿಕ್ಕಿಬೀಳುತ್ತದೆ. ಕೆಲಸದ ಜೊತೆ ಐವತ್ತು ಅರವತ್ತು ಪದಗಳ ಪಟ್ಟಿಯನ್ನೂ ಕಳುಹಿಸುತ್ತೇನೆ. ಒಬ್ಬರು ‘ನಾಮಿನಿ’ ಎಂದು, ಇನ್ನೊಬ್ಬರು ‘ನಾಮನಿರ್ದೇಶಿತ’ ಎಂದು ಬರೆದರೆ ಎರಡೂ ಸರಿಯೇ, ಆದರೆ ಒಂದೇ ಪುಸ್ತಿಕೆಯಲ್ಲಿ ಎರಡೂ ಇರುವಂತಿಲ್ಲ. ಇದರ ಮೇಲೆ, ಅಂಕಿ, ದಿನಾಂಕ ಮತ್ತು ‘ಇಲ್ಲ’, ‘ಹೊರತು’, ‘ಒಳಗೆ’ ಎಂಬ ಪದಗಳಿರುವ ಸಾಲುಗಳನ್ನು ಯಾರು ಮಾಡಿದ್ದರೂ ಮೂಲದೊಡನೆ ಇಟ್ಟೇ ಓದುತ್ತೇನೆ. ಎಷ್ಟೇ ಪಳಗಿದ ಕೈಯಾದರೂ ತಪ್ಪುವುದು ಅಲ್ಲಿಯೇ.

ದರದ ವಿಷಯದಲ್ಲಿ ನನ್ನ ಎಣಿಕೆ ತಲೆಕೆಳಗಾಯಿತು. ಆ ಮೊದಲನೆಯವರಿಗೆ ಈಗ ಪದಕ್ಕೆ ಒಂದೂ ಮುಕ್ಕಾಲು ಕೊಡುತ್ತೇನೆ. ಹತ್ತು ಸಾವಿರ ಪದಕ್ಕೆ 2,500 ರೂಪಾಯಿ ಹೆಚ್ಚು ಖರ್ಚು. ಆದರೆ ತಿದ್ದುವುದರಲ್ಲಿ ಉಳಿಯುವ 15 ಗಂಟೆಗೆ ನನ್ನ ಲೆಕ್ಕದಲ್ಲಿ 9,375 ರೂಪಾಯಿ ಬೆಲೆ. ಚೌಕಾಸಿಗೆ ನಿಂತಿದ್ದರೆ ಅವರು ಬೇರೆ ಕಡೆ ಹೋಗುತ್ತಿದ್ದರು, ನಾನು ಮತ್ತೆ ‘ನೀತಿದಾರ’ರ ಕೈಗೆ ಬೀಳುತ್ತಿದ್ದೆ.

ಇನ್ನೊಂದು ಮಾತು. ಹಂಚಿದ ಕೆಲಸದ ಬಿಲ್ಲು ನಿಮ್ಮ ಹೆಸರಿನಲ್ಲಿದ್ದರೆ ಇಡೀ ಮೊತ್ತ ನಿಮ್ಮದೇ ವಹಿವಾಟು. ನಮ್ಮ ರಾಜ್ಯದಲ್ಲಿ ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ 20 ಲಕ್ಷದ ಮಿತಿಗೆ ಎಣಿಸುವುದು ಅದನ್ನೇ, ಕೈಗೆ ಉಳಿದದ್ದನ್ನಲ್ಲ. ನೋಂದಣಿಯಾದ ಮೇಲೆ ತೆರಿಗೆ ಪ್ರತ್ಯೇಕ ಎಂದು ಗ್ರಾಹಕರಿಗೆ ಮೊದಲೇ ಬರೆದು ತಿಳಿಸಿರದಿದ್ದರೆ, ಅದು ಹೋಗುವುದು ನಿಮ್ಮ ಪಾಲಿನಿಂದಲೇ. ನಮಸ್ಕಾರ.