ಯಾರು ಸರಿ ಅನ್ನೋದು ಬೇಡ, ಯಾವಾಗ ಬೇಕು ಅಂತ ಬರೆಯಿರಿ

ಕೇಳುಗರಿಗೆ ನಮಸ್ಕಾರ. ಒಬ್ಬರಿಗೆ ಬ್ಯಾಂಕಿನ ಠೇವಣಿ ಬಿಟ್ಟರೆ ನಿದ್ದೆ ಬರುವುದಿಲ್ಲ. ಇನ್ನೊಬ್ಬರಿಗೆ ಮ್ಯೂಚುವಲ್ ಫಂಡೇ ಆಗಬೇಕು. ಇಂಥ ಗಂಡ ಹೆಂಡತಿ ನನ್ನ ಹತ್ತಿರ ಬಂದು, "ಸಾರ್, ನಮ್ಮಲ್ಲಿ ಯಾರು ಸರಿ?" ಎಂದು ಕೇಳುತ್ತಾರೆ. ನಾನು ಹೇಳುವುದು ಒಂದೇ. ದುಡ್ಡು ಯಾವಾಗ ಬೇಕು, ಎಷ್ಟು ಬೇಕು, ಮೊದಲು ಹಾಳೆಯ ಮೇಲೆ ಬರೆಯಿರಿ. ಫಂಡಿನ ಹೆಸರು ಆಮೇಲೆ.

ದಾವಣಗೆರೆಯ ಒಂದು ಜೋಡಿ. ಯಜಮಾನರು ಕಾಲೇಜು ಮೇಷ್ಟ್ರು, ಆಕೆಯದು ಟೈಲರಿಂಗ್ ಅಂಗಡಿ. ಮಗಳ ಇಂಜಿನಿಯರಿಂಗ್‌ಗೆ ಅಂತ ಆಕೆಯ ಒತ್ತಾಯಕ್ಕೆ ಜಂಟಿ ಹೆಸರಲ್ಲಿ ಈಕ್ವಿಟಿ ಫಂಡಿಗೆ ಕಟ್ಟುತ್ತಿದ್ದರು. 2020ರ ಮಾರ್ಚ್ ಬಂತು. ಜನವರಿಯಲ್ಲಿದ್ದ ಎತ್ತರದಿಂದ ಸೆನ್ಸೆಕ್ಸ್ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕುಸಿಯಿತು. ಮೇಷ್ಟ್ರು ಒಂದು ರಾತ್ರಿ ಫೋನಿನಲ್ಲೇ ಎಲ್ಲಾ ಮಾರಿಬಿಟ್ಟರು. ಕೈಗೆ ಬಂದದ್ದು ಎರಡು ಲಕ್ಷ. ಬೆಳಗ್ಗೆ ಆಕೆಗೆ ಗೊತ್ತಾಯಿತು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" "ಮಗಳ ಫೀಸು ಕರಗ್ತಾ ಇತ್ತು ಕಣೆ!" ನನ್ನೆದುರೂ ಅದೇ ಜಗಳ ಮುಂದುವರಿಯಿತು.

ನಾನು ಹಾಳೆ ಕೊಟ್ಟೆ. ಮಗಳ ಕಾಲೇಜಿಗೆ ಮೂರು ವರ್ಷದಲ್ಲಿ ಎಂಟು ಲಕ್ಷ ಬೇಕು. ನಿವೃತ್ತಿಗೆ ಹದಿನೈದು ವರ್ಷ ಇದೆ. ಇಬ್ಬರೂ ತಿಂಗಳಿಗೆ ತಲಾ 15,000 ಉಳಿಸುತ್ತಾರೆ. ಮೂರು ವರ್ಷದ ದುಡ್ಡನ್ನು ಈಕ್ವಿಟಿಯಲ್ಲಿ ಇಟ್ಟಿದ್ದೇ ತಪ್ಪು. ಬಿದ್ದರೆ ಏಳೋವರೆಗೆ ಕಾಯಲು ಕಾಲೇಜು ಬಿಡುತ್ತದಾ? ಹಾಗಾಗಿ 15,000 ರೂಪಾಯಿಗೆ ಆರ್‌ಡಿ ಶುರು ಮಾಡಿದರು, ಮಾರಿ ಬಂದದ್ದನ್ನು ಠೇವಣಿ ಇಟ್ಟರು. ಮೂರು ವರ್ಷಕ್ಕೆ ಆರ್‌ಡಿಗೆ ಕಟ್ಟಿದ್ದೇ 5,40,000. ಬಡ್ಡಿ ಸೇರಿ ಗುರಿ ಮುಟ್ಟಿತು.

ನಿವೃತ್ತಿ ದೂರ ಇತ್ತಲ್ಲ, ಅದಕ್ಕೆ 10,000 ಈಕ್ವಿಟಿ ಫಂಡಿಗೆ, ಜಂಟಿಯಾಗಿ. ಈ ಸಲ, ಒಬ್ಬರೇ ಮಾರಬಹುದಾದ "ಯಾರಾದರೊಬ್ಬರು ಅಥವಾ ಉಳಿದವರು" ಅನ್ನೋ ಆಯ್ಕೆ ಬೇಡ ಎಂದೆ. "ಜಂಟಿ" ಎಂಬುದಕ್ಕೇ ಟಿಕ್ ಹಾಕಿಸಿದೆ. ಆಗ ಮಾರಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕು, ರಾತ್ರಿ ಫೋನಿನಾಟ ನಡೆಯುವುದಿಲ್ಲ. ಉಳಿದ 5,000 ಅರ್ಧರ್ಧ, ಅವರವರ ಹೆಸರಲ್ಲಿ. ಮೇಷ್ಟ್ರು ಪಿಪಿಎಫ್‌ಗೆ ಹಾಕಿದರು. ಪಿಪಿಎಫ್‌ನಲ್ಲಿ ಜಂಟಿ ಖಾತೆ ಹೇಗೂ ಇಲ್ಲ. ಆಕೆ ಷೇರು ಕೊಂಡರು. ಒಬ್ಬರದನ್ನು ಇನ್ನೊಬ್ಬರು ಕೇಳುವಂತಿಲ್ಲ. ನೋಡಿ, ಹಂಚಿದ್ದು ಸ್ವಭಾವ ನೋಡಿ ಅಲ್ಲ, ಯಾವಾಗ ಬೇಕು ಅಂತ ನೋಡಿ. ಸ್ವಭಾವಕ್ಕೆ ಸಿಕ್ಕಿದ್ದು ಕೊನೆಯ ಐದು ಸಾವಿರ ಮಾತ್ರ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ತೆರಿಗೆ ಉಳಿಯುತ್ತದೆ ಅಂತ ಗಂಡ ತನ್ನ ದುಡ್ಡನ್ನು ಹೆಂಡತಿ ಹೆಸರಲ್ಲಿ ಹಾಕುವುದುಂಟು. ಅದರ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ, ಲಾಭ ಏನಿಲ್ಲ. ಆಕೆ ಸ್ವಂತ ದುಡಿದದ್ದು ಆಕೆಯದೇ ಲೆಕ್ಕ. ಇನ್ನೊಂದು, ನಾಮಿನಿ ಬೇರೆ, ಜಂಟಿ ಖಾತೆದಾರರು ಬೇರೆ. ನಾಮಿನಿ ಆದ ಮಾತ್ರಕ್ಕೆ ನೀವು ಬದುಕಿರುವಾಗ ಅವರಿಗೆ ದುಡ್ಡಿನ ಮೇಲೆ ಹಿಡಿತ ಬರುವುದಿಲ್ಲ. ಅರ್ಜಿಯಲ್ಲಿ ಈ ಸಾಲುಗಳನ್ನು ಏಜೆಂಟ್ ತುಂಬಲಿ ಎಂದು ಬಿಡಬೇಡಿ. ಇಬ್ಬರೂ ಓದಿ, ನೀವೇ ಟಿಕ್ ಹಾಕಿ. ನಮಸ್ಕಾರ.